ಅಭ್ಯಾಸ ಹಾಳೆ: ದರವನ್ನು ಕೂಡಿಸಿದಿರಾ, ಗುಣಿಸಿದಿರಾ?

ದ್ವಿತೀಯ ಪಿಯುಸಿ, ಮಂಡ್ಯ. ಕ್ಯಾಲ್ಕುಲೇಟರ್ ಬಳಸಬಹುದು. ಲೆಕ್ಕ ಮುಗಿಸಿದ ಮೇಲೆಯೇ ‘ಪರೀಕ್ಷೆ’ ಓದಿ.

1. ಮೈಸೂರು ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 26,41,027. 2011ರಲ್ಲಿ 30,01,127. ಹತ್ತು ವರ್ಷದಲ್ಲಿ ಎಷ್ಟು ಪಟ್ಟಾಯಿತು? ಅದೇ ದರ ಮುಂದುವರಿದರೆ 2021ಕ್ಕೆ ಎಷ್ಟು? ವರ್ಷಕ್ಕೆ ಶೇಕಡಾ ಎಷ್ಟು?

*ಪರೀಕ್ಷೆ:* 33.61 ಲಕ್ಷ ಬಂತಾ? ಹಾಗಾದರೆ ಹಳೇ 3,60,100ನ್ನೇ ಮತ್ತೆ ಕೂಡಿಸಿದ್ದೀರಿ. ಹೊಸದಾಗಿ ಸೇರಿದವರ ಮನೆಯಲ್ಲೂ ಮಕ್ಕಳು ಹುಟ್ಟುತ್ತಾರೆ, ಅಲ್ವಾ? 1.1363ರಿಂದ ಗುಣಿಸಿ: 34.10 ಲಕ್ಷ. ವರ್ಷದ ದರಕ್ಕೆ 13.63ನ್ನು ಸುಮ್ನೆ 10ರಿಂದ ಭಾಗಿಸಬೇಡಿ. 1.1363ರ ಹತ್ತನೇ ಮೂಲ ತೆಗೆದರೆ ಸುಮಾರು 1.0129, ಅಂದರೆ ವರ್ಷಕ್ಕೆ ಶೇಕಡಾ 1.29 ಬರುತ್ತದೆ.

2. ಆಲೆಮನೆಯಲ್ಲಿ ಬೆಲ್ಲದ ಪಾಕ 105° ಇದೆ, ಹೊರಗಿನ ಗಾಳಿ 25°. ಪಾಕಕ್ಕೂ ಗಾಳಿಗೂ ಇರುವ ವ್ಯತ್ಯಾಸ ಪ್ರತಿ 10 ನಿಮಿಷಕ್ಕೆ ಶೇಕಡಾ 25 ಇಳಿಯುತ್ತದೆ ಎಂದುಕೊಳ್ಳಿ. 50 ನಿಮಿಷದ ನಂತರ ಪಾಕ ಎಷ್ಟು ಬಿಸಿ? ಕೆಳಗಿನ ಸೂತ್ರದಲ್ಲಿ T ಎಂದರೆ ಪಾಕದ ಬಿಸಿ, n ಎಂದರೆ 10 ನಿಮಿಷದ ಎಷ್ಟು ಹಂತಗಳು ಕಳೆದಿವೆ ಎಂಬುದು.

```
T = 25 + 80 × (0.75)^n
```

*ಪರೀಕ್ಷೆ:* ಪ್ರತಿ ಸಲ 20° ಕಳೆದವರಿಗೆ 5° ಬಂದಿರುತ್ತದೆ. ಬಿಸಿಲಲ್ಲಿಟ್ಟ ಬೆಲ್ಲ ಫ್ರಿಜ್ಜಿನಷ್ಟು ತಣ್ಣಗಾಗುತ್ತಾ? ಇದು ತುಂಬ ಜನ ಮಾಡುವ ತಪ್ಪು, ಒಂದೊಂದೇ ಹೆಜ್ಜೆ ಬರೆದು ನೋಡಿ: ವ್ಯತ್ಯಾಸ 80, 60, 45, 33.75, 25.3, 19. ಅದಕ್ಕೆ 25 ಸೇರಿಸಿದರೆ ಸುಮಾರು 44°. ಇನ್ನು 25° ಬಂದವರು 105ನ್ನೇ 0.75ರಿಂದ ಗುಣಿಸಿದ್ದಾರೆ. ಗುಣಿಸಿದ್ದು ಸರಿ, ಆದರೆ ಗುಣಿಸಬೇಕಾದದ್ದು ವ್ಯತ್ಯಾಸವನ್ನು.

3. ಎರಡನೇ ಲೆಕ್ಕದಲ್ಲಿ ಪಾಕ 30°ಗೆ ಇಳಿಯಲು ಎಷ್ಟು ಹೊತ್ತು ಬೇಕು? ಲಾಗ್ ಬಳಸಿ. ಹಾಳೆಯನ್ನು ಗುರುವಾರ ತನ್ನಿ, ತಪ್ಪಿದ ಹೆಜ್ಜೆಯನ್ನು ಅಳಿಸದೆ ಹಾಗೇ ಬಿಡಿ.