ಸಾಗರದ ಬಸ್ಸಿನ ಲೆಕ್ಕ: ನಿನ್ನ ಫೋಟೋಗೆ ಉತ್ತರ

ಫೋಟೋ ಬಂತು ಪುಟ್ಟಾ. ಬರೀ "ಹೆಲ್ಪ್" ಅಂತ ಹಾಕಿದ್ದೀಯ, ಎಲ್ಲಿ ನಿಂತಿದೆ ಅಂತ ಬರೆದಿಲ್ಲ. ಪರವಾಗಿಲ್ಲ, ನೀನು ಪೆನ್ಸಿಲ್‌ನಲ್ಲಿ ಬರೆದು ಅಳಿಸಿದ ಸಾಲು ಕಾಣಿಸುತ್ತಿದೆ, ನನಗೆ ಅದೇ ಬೇಕಿತ್ತು.

ಕೆಳಗಡೆ ನೆರಳು ಬಿದ್ದಿದೆ. ಲೆಕ್ಕ ಇದೇ ಅಲ್ವಾ ನೋಡು: ಶಿವಮೊಗ್ಗದಿಂದ ಸಾಗರಕ್ಕೆ 72 ಕಿ.ಮೀ. ಬಸ್ಸು ಒಂದೇ ವೇಗದಲ್ಲಿ ಹೋಗುತ್ತದೆ. ವೇಗ ಗಂಟೆಗೆ 12 ಕಿ.ಮೀ. ಜಾಸ್ತಿ ಇದ್ದಿದ್ದರೆ 18 ನಿಮಿಷ ಮೊದಲೇ ತಲುಪುತ್ತಿತ್ತು. ಬಸ್ಸಿನ ವೇಗ ಎಷ್ಟು?

ವೇಗ x ಅಂತ ಇಟ್ಟುಕೊಂಡಿದ್ದು ಸರಿ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ, ಅದೂ ಸರಿ. ಆಮೇಲೆ ನೀನು ಬರೆದಿದ್ದು:

72/(x + 12) − 72/x = 18

ಇದನ್ನು ಯಾಕೆ ಅಳಿಸಿದೆ? ಇದು ತುಂಬಾ ಹತ್ತಿರ ಬಂದಿದೆ. ಎರಡೇ ಕಡೆ ಎಡವಿದ್ದೀಯ, ಎಲ್ಲಿ ಅಂತ ನೀನೇ ಹುಡುಕಬೇಕು.

ಸುಮ್ನೆ ಪರೀಕ್ಷೆಗೆ x ಜಾಗದಲ್ಲಿ 24 ಹಾಕು. ಇದು ಉತ್ತರ ಅಲ್ಲ, ಭಾಗಿಸೋದು ಸುಲಭ ಅಂತ ತಗೊಂಡೆ. 72/24 ಎಷ್ಟು, 72/36 ಎಷ್ಟು? ಈಗ ನಿನ್ನ ಸಾಲಿನಲ್ಲಿ ಇರುವ ಹಾಗೇ ಕಳೆದು ನೋಡು, ಚಿಹ್ನೆ ಏನು ಬಂತು? ನಿಧಾನ ಹೋಗುವ ಬಸ್ಸಿಗೆ ಸಮಯ ಜಾಸ್ತಿ ಬೇಕೋ ಕಡಿಮೆ ಬೇಕೋ, ಹಾಗಾದರೆ ಯಾವುದರಿಂದ ಯಾವುದನ್ನು ಕಳೆಯಬೇಕು?

ಇನ್ನೊಂದು ವಿಷಯ, ಈ ತರಹದ ಲೆಕ್ಕದಲ್ಲಿ ಜಾಸ್ತಿ ಮಕ್ಕಳು ಜಾರುವುದು ಇಲ್ಲೇ. ವೇಗ ಗಂಟೆಗೆ ಇಷ್ಟು ಕಿ.ಮೀ. ಅಂತ ಇದೆ, ಆದ್ದರಿಂದ ಎಡಗಡೆ ಬಂದ ಕಾಲ ಯಾವ ಅಳತೆಯಲ್ಲಿದೆ? ಬಲಗಡೆ ಇರುವ 18 ಯಾವ ಅಳತೆಯಲ್ಲಿದೆ? ಅರ್ಧ ಗಂಟೆಯನ್ನು 30/60 ಅಂತ ಬರೆಯುತ್ತೇವಲ್ಲ, ಹಾಗೇ ಇದನ್ನೂ ಬರೆದು ಚಿಕ್ಕದು ಮಾಡು.

24 ಹಾಕಿದಾಗ ಎರಡು ಕಾಲಗಳ ನಡುವೆ ಒಂದು ಗಂಟೆ ವ್ಯತ್ಯಾಸ ಬರುತ್ತದೆ. ನಮಗೆ ಬೇಕಾಗಿದ್ದು 18 ನಿಮಿಷ ಮಾತ್ರ. ಅಂದರೆ ನಿಜವಾದ ವೇಗ 24ಕ್ಕಿಂತ ಜಾಸ್ತಿ ಇರಬೇಕೋ ಕಡಿಮೆ ಇರಬೇಕೋ? 36 ಹಾಕಿಯೂ ನೋಡು, ಅಂದಾಜು ಸಿಗುತ್ತದೆ. ಈ ಅಂದಾಜನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೋ, ಕೊನೆಗೆ ಬಂದ ಉತ್ತರ ಅದಕ್ಕೆ ಹೊಂದದಿದ್ದರೆ ನಡುವೆ ಎಲ್ಲೋ ತಪ್ಪಿದೆ ಅಂತ ನಿನಗೇ ಗೊತ್ತಾಗುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.

ಸಾಲು ಸರಿಯಾದ ಮೇಲೆ ಛೇದಗಳನ್ನು ತೆಗೆದರೆ ವರ್ಗ ಸಮೀಕರಣ ಬರುತ್ತದೆ. ಸ್ಥಿರಾಂಕ ದೊಡ್ಡದು ಬಂತು ಅಂತ ಹೆದರಬೇಡ. ಗುಣಿಸಿದರೆ ಆ ಸಂಖ್ಯೆ, ಕಳೆದರೆ 12, ಅಂಥ ಜೋಡಿ ಹುಡುಕು. x ಗೆ ಎರಡು ಬೆಲೆ ಸಿಗುತ್ತವೆ, ಅದರಲ್ಲಿ ಬಸ್ಸಿಗೆ ಹೊಂದದ್ದು ಯಾವುದು, ಯಾಕೆ ಅಂತ ಒಂದು ಸಾಲು ಬರೆ. ಪರೀಕ್ಷೆಯಲ್ಲೂ ಆ ಸಾಲು ಬಿಡಬೇಡ.

ಈಗ ತಿದ್ದಿದ ಸಮೀಕರಣ ಮಾತ್ರ ಕಳಿಸು, ಪೂರ್ತಿ ಲೆಕ್ಕ ಬೇಡ. ಈ ಸಲ ಅಳಿಸಬೇಡ, ತಪ್ಪು ಅನಿಸಿದರೆ ಒಂದು ಗೆರೆ ಎಳೆದು ಕೆಳಗೆ ಬರೆ. ಊಟ ಆದ ಮೇಲೆ ನೋಡುತ್ತೇನೆ, ಒಂಬತ್ತೂವರೆವರೆಗೆ ಎದ್ದಿರುತ್ತೇನೆ.