‘ಮಂಡಕ್ಕಿ ಚೀಲ’: ದಾವಣಗೆರೆಯ ಒಂದು ರಾಪ್ ಹಾಡು, ಸಾಲು ಸಾಲಿನ ಅರ್ಥದೊಂದಿಗೆ

ಮೊದಲು ಹಾಡು ಪೂರ್ತಿ ಓದಿಬಿಡಿ. ಅರ್ಥವಾಗದಿದ್ದರೂ ನಿಲ್ಲಬೇಡಿ, ಬಾಯಿಬಿಟ್ಟು ಓದಿ. ಈ ಹಾಡು ಕಣ್ಣಿಗಿಂತ ನಾಲಿಗೆಗೆ ಬೇಗ ದಕ್ಕುತ್ತದೆ.

ಹುಕ್ಕು:
ಉಬ್ಬಬ್ಯಾಡಲೇ ಮಗಾ, ಉಬ್ಬಿದ್ದೆಲ್ಲಾ ಹಾರ್ತೈತಿ
ಗಾಳಿ ಒಂದು ಬೀಸಿದ್ರ ನಿನ್ ಹವಾ ಸೋರ್ತೈತಿ
ಕಾದ ಮರಳ್ನಾಗ ಹುರ್ದ ಮಾತು ನಂದು ಕಣಲೇ
ಸೇರ್ನಾಗ್ ಅಳೀಬ್ಯಾಡ, ತೂಗು, ತಕ್ಕಡಿ ನಿಂದು ಕಣಲೇ

ಚರಣ:
ಪಿ.ಬಿ. ರೋಡಿನ್ ಉದ್ದಕ್ಕೂ ನಿನ್ ಫ್ಲೆಕ್ಸು, ನಿನ್ ದೌಲತ್ತು
ಬೈಟು ಚಾಕ್ ಕಾಸಿಲ್ಲ, ಖಾಲಿ ಜೇಬಿನ್ ಕಸರತ್ತು
ಓಳು ಬಿಟ್ಟಿ, ಕಾಗಿ ಹಾರ್ಸಿದಿ, ಈಗ ರೀಲು ಸುತ್ತೀಯ
ಅರ್ಧ ನಿಮಿಷದ್ ಡಾನು ನೀನು, ಉಳಿದ್ ಟೈಮ್ ಎಲ್ ಸತ್ತೀಯ

ಬೆಣ್ಣಿ ಹಚ್ಚಾಕ್ ಬರಬ್ಯಾಡ, ಕಾವಲಿ ನಂದು ಕಾದೈತಿ
ಸೊಪ್ಪು ಹಾಕಲ್ಲ ನಿಂಗ, ನನ್ ಅಡ್ಡಾ ನನಗ ಸಾಕೈತಿ
ಗಿರಣಿ ಸೈರನ್ ನಿಂತ್ರೂ ಅಜ್ಜನ್ ಕಿವ್ಯಾಗ ಕೂಗ್ತೈತಿ
ಆ ಪಾಳಿ ಎಣಿಸ್ಕೊಂಡೇ ನನ್ ಬೀಟು ಇನ್ನೂ ಸಾಗ್ತೈತಿ

ದೋಸ್ತಿಗ್ ಫಿಟ್ಟಿಂಗ್ ಇಟ್ಟೋನು ನೀ, ಬತ್ತಿ ಇಡಾಕ್ ಬಂದೋನು ನೀ
ದುಗ್ಗಮ್ಮನ್ ಜಾತ್ರ್ಯಾಗ್ ಸಿಕ್ರೂ ‘ಉಂಡ್ ಹೋಗಲೇ’ ಅಂದೋನು ನಾ
ಹೆಸ್ರು ಹಿಡ್ದು ಬೈದಿಲ್ಲ ನಾ, ಯಾಕಲೇ ಮಾರಿ ಸಪ್ಪಗ
ಕುಂಬಳಕಾಯ್ ಕಳ್ಳ ಅಂದ್ರ ಹೆಗಲು ಮುಟ್ಕಂಡಿ ತೆಪ್ಪಗ

ಲೆಕ್ಕ ತಿಳಿದಿರಲಿ. ಒಂದು ಸಾಲು ಅಂದರೆ ಒಂದು ಬಾರ್, ಒಂದು ಬಾರಿಗೆ ನಾಲ್ಕು ಪೆಟ್ಟು. ಈ ಹಾಡಿನ ಬೀಟು ನಿಮಿಷಕ್ಕೆ 90 ಪೆಟ್ಟಿನದು, ಹಾಗಾಗಿ ಒಂದು ಸಾಲು ಹೇಳಿ ಮುಗಿಸಲು ಸುಮಾರು 2.7 ಸೆಕೆಂಡು ಸಿಗುತ್ತದೆ. ಹುಕ್ಕು ಅಂದರೆ ಪಲ್ಲವಿ, 4 ಬಾರ್. ಚರಣ 12 ಬಾರ್, 32 ಸೆಕೆಂಡು. ರಾಪ್‌ನಲ್ಲಿ ಚರಣಕ್ಕೆ ರೂಢಿಯ ಅಳತೆ 16 ಬಾರ್, ಆದರೆ ಹೇಳುವುದು ಹನ್ನೆರಡಕ್ಕೇ ಮುಗಿದಾಗ ನಾಲ್ಕು ಸಾಲು ತುರುಕುವುದು ತಪ್ಪು. ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಸ್ನೇರ್ ಎಂಬ ಡ್ರಮ್ ‘ಟಪ್’ ಅನ್ನುತ್ತದೆ. ಅಂಗೈ ತಟ್ಟಿಕೊಂಡು ಹೀಗೆ ಹೇಳಿ ನೋಡಿ: ಪಿ.ಬಿ. ರೋಡಿನ್ / ಉದ್ದಕ್ಕೂ ನಿನ್ / ಫ್ಲೆಕ್ಸು, ನಿನ್ / ದೌಲತ್ತು. ‘ಉದ್ದಕ್ಕೂ’ ಶುರುವಾಗುವಲ್ಲಿ ಒಂದು ಟಪ್, ‘ದೌಲತ್ತು’ ಶುರುವಾಗುವಲ್ಲಿ ಇನ್ನೊಂದು. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ: ‘ರೋಡಿನ’, ‘ನಿನ್ನ’ ಎಂದು ಸ್ವರ ಬಿಡಿಸಿ ಓದುತ್ತಾರೆ, ಮೂರು ಅಕ್ಷರ ಹೆಚ್ಚಾಗುತ್ತದೆ, ‘ದೌಲತ್ತು’ ಸ್ನೇರ್ ದಾಟಿ ಆಚೆ ಬೀಳುತ್ತದೆ. ಬರವಣಿಗೆಯಲ್ಲಿ ನುಂಗಿದ ಸ್ವರವನ್ನು ಬಾಯಲ್ಲೂ ನುಂಗಬೇಕು.

ಈಗ ಸಾಲುಗಳಿಗೆ ಬರೋಣ.

‘ಉಬ್ಬಬ್ಯಾಡಲೇ ಮಗಾ’: ಉಬ್ಬುವುದು ಅಂದರೆ ಹೊಗಳಿಕೆಗೆ ಹಿಗ್ಗುವುದು. ಆದರೆ ದಾವಣಗೆರೆಯಲ್ಲಿ ಉಬ್ಬುವ ಮೊದಲ ವಸ್ತು ಮಂಡಕ್ಕಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಾಕಿ, ಭಟ್ಟಿಯ ಕಾದ ಮರಳಿಗೆ ಹಾಕಿದರೆ ಕ್ಷಣದಲ್ಲಿ ಅರಳುತ್ತದೆ. ಅರಳಿದ್ದಕ್ಕೆ ತೂಕ ಇಲ್ಲ, ಫ್ಯಾನ್ ಹಾಕಿದರೆ ಹಾರುತ್ತದೆ. ಇಡೀ ಹಾಡು ನಿಂತಿರುವುದು ಈ ಒಂದು ಚಿತ್ರದ ಮೇಲೆ. ಇನ್ನು ‘ಲೇ’. ಬೆಂಗಳೂರು, ಮೈಸೂರು ಕಡೆಯವರಿಗೆ ಇದು ಬೈಗುಳದಂತೆ ಕೇಳಿಸಿ ಗಾಬರಿಯಾಗುತ್ತದೆ. ಇಲ್ಲಿ ಸರೀಕರ ನಡುವೆ ‘ಲೇ’ ಇಲ್ಲದೆ ಮಾತೇ ಹೊರಡುವುದಿಲ್ಲ. ಗೆಳೆಯನಿಗೆ ‘ಬಾರಲೇ’, ಹಿರಿಯರಿಗೆ ‘ಬರ್ರಿ’. ಇದನ್ನು ಅದಲುಬದಲು ಮಾಡಿದರೆ ಮಾತ್ರ ಜಗಳ. ‘ಮಗಾ’ ಅಂದರೆ ಮಗನಲ್ಲ, ಜೊತೆಗಾರ.

ಎರಡನೇ ಸಾಲಿನ ‘ಹವಾ’ಕ್ಕೆ ಮೂಲದಲ್ಲಿ ಗಾಳಿ ಎಂದೇ ಅರ್ಥ, ಬೀದಿಯಲ್ಲಿ ಪ್ರಭಾವ. ‘ಅವಂದು ಏರಿಯಾದಾಗ ಹವಾ ಐತಿ’ ಅಂದರೆ ಅವನ ಮಾತು ನಡೆಯುತ್ತದೆ. ಇಲ್ಲಿ ಎರಡೂ ಅರ್ಥ ಒಟ್ಟಿಗೆ ಓಡುತ್ತವೆ: ಹೊರಗೆ ಗಾಳಿ ಬೀಸುತ್ತದೆ, ಒಳಗಿನ ಗಾಳಿ ಟ್ಯೂಬಿನಿಂದ ಸೋರುತ್ತದೆ. ಇಂಥ ಎರಡು ಅಲಗಿನ ಸಾಲಿಗೆ ಪಂಚ್ ಲೈನ್ ಎನ್ನುತ್ತಾರೆ.

ಹುಕ್ಕಿನ ಮೂರನೇ ಸಾಲು ‘ನನ್ನ ಮಾತು ಬಿಸಿ ತಿಂದು ಬಂದದ್ದು’ ಎನ್ನುತ್ತದೆ, ಅಷ್ಟೇ. ನಾಲ್ಕನೆಯದು ಹಾಡಿನ ಜೀವ. ಮಂಡಕ್ಕಿಯನ್ನು ಇಲ್ಲಿ ಸೇರಿನಲ್ಲಿ ಅಳೆದು ಕೊಡುತ್ತಾರೆ. ಸೇರು ನೋಡುವುದು ಗಾತ್ರವನ್ನು, ತಕ್ಕಡಿ ನೋಡುವುದು ತೂಕವನ್ನು. ಆಳೆತ್ತರದ ಮಂಡಕ್ಕಿ ಚೀಲವನ್ನು ಹುಡುಗನೊಬ್ಬ ತಲೆ ಮೇಲೆ ಹೊತ್ತು ಸಲೀಸಾಗಿ ನಡೆಯುವುದನ್ನು ಕಂಡವರಿಗೆ ಶೀರ್ಷಿಕೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ‘ತಕ್ಕಡಿ ನಿಂದು ಕಣಲೇ’ ಎಂಬ ಸವಾಲಿನಲ್ಲಿ ನ್ಯಾಯವೂ ಇದೆ: ನಿನ್ನದೇ ತಕ್ಕಡಿಯಲ್ಲಿ ತೂಗು, ಆದರೂ ನಾನೇ ಭಾರ.

ಚರಣದ ಮೊದಲ ಸಾಲಿನ ಪಿ.ಬಿ. ರೋಡ್ ಅಂದರೆ ಪುಣೆ–ಬೆಂಗಳೂರು ರಸ್ತೆ. ಹೆದ್ದಾರಿ ಊರಾಚೆ ಸರಿದು ಬಹಳ ಕಾಲವಾದರೂ ಊರೊಳಗಿನ ಹಳೇ ದಾರಿಗೆ ಆ ಹೆಸರೇ ಉಳಿದಿದೆ. ಹುಟ್ಟುಹಬ್ಬದ ಫ್ಲೆಕ್ಸು ಕಟ್ಟಿಸಿಕೊಳ್ಳುವವರಿಗೆ ಇದೇ ಮೆರವಣಿಗೆಯ ಜಾಗ. ‘ದೌಲತ್’ ಮೂಲದಲ್ಲಿ ಸಂಪತ್ತು. ಕನ್ನಡದ ಬೀದಿಗೆ ಬರುವಷ್ಟರಲ್ಲಿ ಸಂಪತ್ತು ಕಳೆದುಹೋಗಿ ಅದರ ಸೊಕ್ಕು ಮಾತ್ರ ಉಳಿದಿದೆ. ಮುಂದಿನ ಸಾಲು ಆ ಕಳೆದುಹೋದ ಸಂಪತ್ತನ್ನೇ ಹಿಡಿಯುತ್ತದೆ: ‘ಬೈಟು’ ಅಂದರೆ ಒಂದು ಚಹಾ ಎರಡು ಲೋಟಕ್ಕೆ ಹಂಚಿಕೊಳ್ಳುವುದು, ಅದಕ್ಕೂ ಕಾಸಿಲ್ಲ. ದೌಲತ್ತು–ಕಸರತ್ತು ಪ್ರಾಸ ಸುಮ್ಮನೆ ಬಂದದ್ದಲ್ಲ, ಎರಡೂ ಉರ್ದುವಿನಿಂದ ಬಂದ ಮಾತು, ಎರಡರ ಕೊನೆಯ ಒತ್ತೂ ಒಂದೇ ತೂಕದ್ದು. ಹಿಂದೂಸ್ತಾನಿ ಬೆರೆತ ಈ ಊರಿನ ಮಾರುಕಟ್ಟೆ ಮಾತಿಗೆ ಇಂಥ ಜೋಡಿ ಸಹಜ.

ಮೂರನೇ ಸಾಲಿನಲ್ಲಿ ಸುಳ್ಳಿಗೆ ಮೂರು ಮಾತುಗಳಿವೆ, ಮೂರೂ ಒಂದೇ ಅಲ್ಲ. ಓಳು ಬಿಡುವುದು ಇದ್ದದ್ದನ್ನು ಹಿಗ್ಗಿಸುವುದು. ಕಾಗೆ ಹಾರಿಸುವುದು ಇಲ್ಲದ್ದನ್ನು ಇದೆ ಎನ್ನುವುದು. ರೀಲು ಸುತ್ತುವುದು ಕಥೆ ಕಟ್ಟಿ ಎಳೆಯುವುದು. ಸಾಲು ಮೆಟ್ಟಿಲಿನಂತೆ ಏರುತ್ತಾ ಹೋಗುತ್ತದೆ, ಹಾಡುವವರು ದನಿಯನ್ನೂ ಹಾಗೇ ಏರಿಸಬೇಕು. ‘ರೀಲು’ ಸಿನಿಮಾ ಸುರುಳಿಯಿಂದ ಬಂದ ಹಳೇ ಮಾತು. ಈಗ ಅದಕ್ಕೆ ಮೊಬೈಲಿನ ರೀಲ್ಸ್ ಎಂಬ ಹೊಸ ಅರ್ಥ ಕೂಡಿದೆ, ‘ಈಗ’ ಎಂಬ ಪದ ಅಲ್ಲಿರುವುದು ಅದಕ್ಕೇ. ನಾಲ್ಕನೇ ಸಾಲಿನ ‘ಅರ್ಧ ನಿಮಿಷದ್ ಡಾನು’ ಆ ರೀಲಿನ ಉದ್ದ. ‘ಎಲ್ ಸತ್ತೀಯ’ ಕೇಳಿ ಸಾವಿನ ಮಾತೆಂದು ಹೌಹಾರಬೇಡಿ. ‘ಎಲ್ಲಿ ಹಾಳಾಗಿ ಹೋಗಿದ್ದೆ’ ಎಂದು ಮನೆಯಲ್ಲಿ ಅವ್ವ ಕೇಳುವಷ್ಟೇ ಅದರ ಕಾರ.

ಪ್ರಾಸದ ಬಗ್ಗೆ ಇಲ್ಲೇ ಒಂದು ಮಾತು. ಹಳೆಯ ಕನ್ನಡ ಕಾವ್ಯದ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತಿತ್ತು. ರಾಪ್ ಸಾಲಿನ ತುದಿಯನ್ನು ನಂಬಿದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘-ತೈತಿ, -ತೈತಿ’ ಎಂದು ಎಷ್ಟು ಬೇಕಾದರೂ ಹೊಸೆಯಬಹುದು. ಅದು ಸೋಮಾರಿ ಪ್ರಾಸ, ಪ್ರತ್ಯಯ ಮಾತ್ರ ಕೂಡುತ್ತದೆ. ‘ಸುತ್ತೀಯ–ಸತ್ತೀಯ’ದಲ್ಲಿ ಧಾತುವೇ ಕೂಡಿದೆ, ನಡುವೆ ಒಂದು ಸ್ವರದ ಅಂತರ ಅಷ್ಟೇ. ‘ಕೂಗ್ತೈತಿ–ಸಾಗ್ತೈತಿ’ಯಲ್ಲೂ ‘ಗ’ಕಾರ ಕೂಡಿಸಿ ಕಾಪಾಡಿಕೊಂಡಿದೆ. ಇನ್ನು ‘ಕಾದೈತಿ–ಸಾಕೈತಿ’ ಜೋಡಿ ಈ ಚರಣದಲ್ಲಿ ಕೊಂಚ ಸಡಿಲ. ನಡುವಿನ ವ್ಯಂಜನ ಸೇರುವುದಿಲ್ಲ, ಉದ್ದ ‘ಆ’ ಎಳೆದು ಮುಚ್ಚಬೇಕು.

ಐದು, ಆರನೇ ಸಾಲು: ಬೆಣ್ಣೆ ಹಚ್ಚುವುದು ಅಂದರೆ ಪುಸಲಾಯಿಸುವುದು. ಬೆಣ್ಣೆದೋಸೆ ಊರಿನಲ್ಲಿ ಆ ಮಾತು ಬಂದ ಮೇಲೆ ಕಾವಲಿಯೂ ಬರಲೇಬೇಕು. ಕಾದ ಕಾವಲಿಗೆ ಬೆಣ್ಣೆ ಬಿದ್ದರೆ ಚುಂಯ್ ಎಂದು ಕರಗುತ್ತದೆ, ನಿನ್ನ ಹೊಗಳಿಕೆಗೂ ಅದೇ ಗತಿ. ದೋಸೆಯ ಹಿಟ್ಟಿಗೂ ಮಂಡಕ್ಕಿ ಹಾಕುತ್ತಾರೆ ಎಂಬುದು ತಿಳಿದಿದ್ದರೆ ಹುಕ್ಕಿನ ಎಳೆ ಇಲ್ಲೂ ಸಿಗುತ್ತದೆ. ಸೊಪ್ಪು ಹಾಕಲ್ಲ ಅಂದರೆ ಲೆಕ್ಕಕ್ಕಿಡುವುದಿಲ್ಲ. ‘ಅಡ್ಡಾ’ ಹುಡುಗರು ಕೂಡುವ ಜಾಗ: ಚಹಾದಂಗಡಿ ಕಟ್ಟೆ ಆಗಬಹುದು, ಗ್ಯಾರೇಜ್ ಮುಂದಿನ ಬೆಂಚು ಆಗಬಹುದು.

ಏಳು, ಎಂಟರಲ್ಲಿ ಸ್ಲ್ಯಾಂಗ್ ಇಲ್ಲ, ಬೇಕೆಂದೇ ಇಲ್ಲ. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಗಿರಣಿಗಳು ಮುಚ್ಚಿದವು, ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ ನಿಂತಿತು. ಪಾಳಿ ಅಂದರೆ ಶಿಫ್ಟು. ತಾತನ ಕಿವಿಯ ಆ ಲಯವೇ ಮೊಮ್ಮಗನ ಬೀಟು. ಈ ಎರಡು ಬಾರ್‌ಗಳಲ್ಲಿ ಕಿಕ್ ಡ್ರಮ್ ತೆಗೆದು ಬರೀ ಸ್ನೇರ್ ಬಿಡುವುದು ಒಳ್ಳೆಯದು. ತಮಾಷೆಯ ದನಿಯಲ್ಲೇ ಹಾಡಿಬಿಟ್ಟರೆ ಚರಣದ ಬೆನ್ನೆಲುಬೇ ಮುರಿಯುತ್ತದೆ.

ಒಂಬತ್ತನೇ ಸಾಲಿನ ‘ಫಿಟ್ಟಿಂಗ್ ಇಡುವುದು’ ಇವನ ಮಾತು ಅವನಿಗೆ ಹೇಳಿ ಇಬ್ಬರನ್ನೂ ಕದನಕ್ಕೆ ಬಿಡುವುದು. ‘ಬತ್ತಿ ಇಡುವುದು’ ಅದಕ್ಕಿಂತ ಕೆಟ್ಟದ್ದು, ಪಟಾಕಿಗೆ ಬತ್ತಿ ಇಟ್ಟಂತೆ ಒಬ್ಬನನ್ನು ಉಡಾಯಿಸಲು ಹೊಂಚುವುದು. ಹತ್ತನೇ ಸಾಲಿಗೆ ಊರಿನ ಪದ್ಧತಿ ಗೊತ್ತಿರಬೇಕು. ದುಗ್ಗಮ್ಮ ಅಂದರೆ ನಗರದೇವತೆ ದುರ್ಗಾಂಬಿಕೆ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಆಗ ಬೀಗರು, ಗೆಳೆಯರು, ಗೆಳೆಯರ ಗೆಳೆಯರನ್ನೆಲ್ಲ ಊಟಕ್ಕೆ ಕರೆಯುತ್ತಾರೆ. ಬತ್ತಿ ಇಟ್ಟವನನ್ನೂ ‘ಉಂಡ್ ಹೋಗಲೇ’ ಎಂದು ಕರೆಯುವುದು ಇಲ್ಲಿನ ನಿಜವಾದ ದೊಡ್ಡಸ್ತಿಕೆ. ಹಾಡಿನಲ್ಲಿ ಮಚ್ಚು, ಲಾಂಗು ಎಲ್ಲೂ ಬರುವುದಿಲ್ಲ, ಈ ಒಂದು ಊಟದ ಕರೆಯೇ ಎದುರಾಳಿಯನ್ನು ಹೆಚ್ಚು ಕುಗ್ಗಿಸುತ್ತದೆ. ಕೊನೆಯ ‘ನೀ’, ‘ನೀ’, ‘ನಾ’ ಮೂರನ್ನೂ ಸ್ನೇರಿನ ಮೇಲೇ ಇಡಿ, ಇಬ್ಬರ ನಡುವಿನ ಗೆರೆ ಬೀಳುವುದು ಅಲ್ಲೇ.

ಕೊನೆಯ ಎರಡು ಸಾಲು ಹೆಸರು ಹೇಳದೆ ಕುಟುಕುವ ಕಲೆ. ರಾಪ್‌ನಲ್ಲಿ ಎದುರಾಳಿಯನ್ನು ಹಳಿಯುವ ಹಾಡಿಗೆ ಡಿಸ್ ಎನ್ನುತ್ತಾರೆ. ಹೆಸರು ಹಿಡಿದು ಹಳಿದರೆ ಜಗಳ ಬೀದಿಗೆ ಬರುತ್ತದೆ, ಹೆಸರಿಲ್ಲದೆ ಹಳಿದರೆ ತಾಗಿದವನೇ ತಾನಾಗಿ ಮುಂದೆ ಬರುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಅದಕ್ಕೆಂದೇ ಹೇಳಿ ಮಾಡಿಸಿದಂತಿದೆ. ‘ಸಪ್ಪಗ’ ಅಂದರೆ ಉಪ್ಪಿಲ್ಲದ ಮುಖ, ‘ತೆಪ್ಪಗ’ ಅಂದರೆ ಬಾಯಿಮುಚ್ಚಿಕೊಂಡು. ‘ತೆಪ್ಪಗ’ ಮುಗಿಯುತ್ತಿದ್ದಂತೆ ಬೀಟು ಪೂರ್ತಿ ಕತ್ತರಿಸಿ, ಒಂದು ಬಾರ್, ಅಂದರೆ ನಾಲ್ಕು ಪೆಟ್ಟು ಖಾಲಿ ಬಿಡಿ. ಜನ ಹೆಗಲು ಮುಟ್ಟಿಕೊಂಡವನನ್ನು ಹುಡುಕಲು ಅಷ್ಟು ಹೊತ್ತು ಸಾಕು. ಐದನೇ ಪೆಟ್ಟಿಗೆ ‘ಉಬ್ಬಬ್ಯಾಡಲೇ ಮಗಾ’ ಎಂದು ಹುಕ್ಕು ಮತ್ತೆ ಎತ್ತಿಕೊಳ್ಳಿ.