ಆಪದ್ಧನ: ಜನರು ನಂಬಿರುವುದೇನು, ನಿಜವೇನು

ದಾವಣಗೆರೆಯ ಬ್ಯಾಂಕೊಂದರ ಕೌಂಟರಿನ ಹಿಂದೆ 27 ವರ್ಷ ಕುಳಿತವನಿಗೆ ಸೋಮವಾರ ಬೆಳಗಿನ ಮುಖಗಳು ಚೆನ್ನಾಗಿ ಗೊತ್ತಿರುತ್ತವೆ. ಶನಿವಾರ ರಾತ್ರಿ ಮನೆಯಲ್ಲಿ ಯಾರಿಗೋ ಎದೆನೋವು ಬಂದು, ಭಾನುವಾರವಿಡೀ ನೆಂಟರಿಷ್ಟರ ಹತ್ತಿರ ಕೈಸಾಲ ಮಾಡಿ, ಬ್ಯಾಂಕಿನ ಬಾಗಿಲು ತೆರೆಯುವುದನ್ನೇ ಕಾದು ನಿಂತವರು ಅವರು. ಅವರಲ್ಲಿ ಬಹುತೇಕರ ಬಳಿ ಹಣ ಇದ್ದೇ ಇತ್ತು, ಆದರೆ ಬೇಕಾದ ಹೊತ್ತಿಗೆ ಕೈಗೆ ಬರುವ ಜಾಗದಲ್ಲಿ ಇರಲಿಲ್ಲ. ಇಂಥ ತುರ್ತಿಗೆಂದೇ ಬೇರೆಯಾಗಿ ಎತ್ತಿಡುವ ಹಣವೇ ಆಪದ್ಧನ. ಅದರ ಬಗ್ಗೆ ಅವರು ಹೇಳುತ್ತಿದ್ದ ಮಾತುಗಳನ್ನೇ ಇಲ್ಲಿ ಒಂದೊಂದಾಗಿ ಎತ್ತಿಕೊಂಡಿದ್ದೇನೆ.

ನಂಬಿಕೆ: ಆರು ತಿಂಗಳ ಸಂಬಳದಷ್ಟು ಹಣ ಕೂಡಿಡಬೇಕು, ಅದು ನಮ್ಮಂಥವರಿಂದ ಆಗದ ಮಾತು.

ವಾಸ್ತವ: ಲೆಕ್ಕ ಹಾಕಬೇಕಾದುದು ನಿಲ್ಲಿಸಲಾಗದ ಖರ್ಚಿನ ಮೇಲೆ, ಸಂಬಳದ ಮೇಲೆ ಲೆಕ್ಕ ಹಾಕುವುದರಿಂದಲೇ ಮೊತ್ತ ದೊಡ್ಡದಾಗಿ ಕಂಡು ಕೈಚೆಲ್ಲುವಂತಾಗುತ್ತದೆ. ತಿಂಗಳಿಗೆ 38,000 ರೂಪಾಯಿ ಕೈಗೆ ಬರುವ ನಾಲ್ವರ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಮನೆ ಬಾಡಿಗೆ 8,500, ದಿನಸಿ, ಹಾಲು ಮತ್ತು ತರಕಾರಿಗೆ 9,000, ಕರೆಂಟು, ನೀರು ಮತ್ತು ಗ್ಯಾಸಿಗೆ 2,200, ಮಕ್ಕಳ ಶಾಲೆ ಮತ್ತು ವ್ಯಾನಿಗೆ 4,000, ಪೆಟ್ರೋಲಿಗೆ 1,800, ಬೈಕಿನ ಕಂತು 3,200, ಅಜ್ಜಿಯ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ 1,800, ವಿಮೆಯ ಕಂತಿಗೆ 1,500 ಎಂದರೆ ಒಟ್ಟು 32,000 ರೂಪಾಯಿ. ಉಳಿದ 6,000 ರೂಪಾಯಿ ಬಟ್ಟೆಬರೆ, ಹೋಟೆಲು, ಮದುವೆ ಮುಯ್ಯಿಗಳಿಗೆ ಹೋಗುತ್ತದೆ. ಕೆಲಸ ಹೋದ ತಿಂಗಳು ಯಾರೂ ಹೊಸ ಸೀರೆ ತರುವುದಿಲ್ಲ. ಹಾಗಾಗಿ ಈ ಮನೆಗೆ ಮೂರು ತಿಂಗಳ ಆಪದ್ಧನವೆಂದರೆ 96,000 ರೂಪಾಯಿ. ಮೊದಲ ಗುರಿಯಾಗಿ ಒಂದೇ ತಿಂಗಳ 32,000 ರೂಪಾಯಿಯನ್ನು ಇಟ್ಟುಕೊಂಡು, ಸಂಬಳ ಬಂದ ಮರುದಿನವೇ 3,000 ರೂಪಾಯಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟರೆ, ಹನ್ನೊಂದು ತಿಂಗಳೊಳಗೆ ಅದು ತುಂಬುತ್ತದೆ. ಸರ್ಕಾರಿ ನೌಕರರಿಗೆ ಮೂರು ತಿಂಗಳದ್ದು ಸಾಕಾಗಬಹುದು. ಆದಾಯ ಏರುಪೇರಾಗುವ ಆಟೋ ಚಾಲಕರು, ಅಂಗಡಿಯವರು, ಗುತ್ತಿಗೆ ನೌಕರರು ಆರು ತಿಂಗಳದ್ದನ್ನು ಗುರಿಯಾಗಿಟ್ಟುಕೊಳ್ಳುವುದು ಲೇಸು.

ನಂಬಿಕೆ: ಕ್ರೆಡಿಟ್ ಕಾರ್ಡ್ ಇದೆಯಲ್ಲ, ಮತ್ತೇಕೆ ಹಣ ಕೂಡಿಡಬೇಕು?

ವಾಸ್ತವ: ಬಿಲ್ಲಿನ ಪೂರ್ತಿ ಮೊತ್ತವನ್ನು ಗಡುವಿನೊಳಗೆ ಕಟ್ಟುವವರಿಗೆ ಮಾತ್ರ ಕಾರ್ಡು ಅಗ್ಗ. 40,000 ರೂಪಾಯಿ ಬಾಕಿ ಉಳಿದು, ತಿಂಗಳಿಗೆ ಶೇ. 3.5ರಷ್ಟು ಬಡ್ಡಿ ಬಿದ್ದರೆ, ಬಡ್ಡಿ 1,400 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 252 ರೂಪಾಯಿ. ಆ ತಿಂಗಳು ನೀವು 2,000 ರೂಪಾಯಿ ಕಟ್ಟಿದರೆ ಅಸಲಿಗೆ ಸೇರುವುದು 348 ರೂಪಾಯಿ. ಎಟಿಎಮ್ಮಿನಲ್ಲಿ ಕಾರ್ಡು ಹಾಕಿ ನಗದು ತೆಗೆದರಂತೂ ಬಡ್ಡಿರಹಿತ ಅವಧಿಯೇ ಇರುವುದಿಲ್ಲ. ಶುಲ್ಕವೂ ಬಡ್ಡಿಯೂ ಅದೇ ದಿನದಿಂದ ಶುರು.

ನಂಬಿಕೆ: ಉಳಿತಾಯ ಖಾತೆಯಲ್ಲಿ ಹಣ ಕೊಳೆಯುತ್ತದೆ; ಷೇರಿನಲ್ಲೋ ಮ್ಯೂಚುವಲ್ ಫಂಡಿನಲ್ಲೋ ಹಾಕಿದರೆ ಬೆಳೆಯುತ್ತದೆ.

ವಾಸ್ತವ: ಹತ್ತು ವರ್ಷ ಮುಟ್ಟದ ಹಣಕ್ಕೆ ಈ ಮಾತು ಒಪ್ಪುತ್ತದೆ. 2020ರ ಜನವರಿಯಲ್ಲಿ ಸುಮಾರು 42,000ದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್, ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಮುಕ್ತಾಯವಾಯಿತು; ಎರಡು ದಿನಗಳ ಬಳಿಕ ದೇಶವೇ ಲಾಕ್‌ಡೌನ್ ಆಯಿತು. ಸಂಬಳ ಕಡಿತವಾಗಿ ಹಣ ಬೇಕಾದ ತಿಂಗಳುಗಳಲ್ಲೇ ಷೇರು ಮಾರುವವನಿಗೆ ಸಿಗುವ ಬೆಲೆ ಪಾತಾಳ ಕಂಡಿತ್ತು. ಮುಂದೆ ಮಾರುಕಟ್ಟೆ ಚೇತರಿಸಿಕೊಂಡಿತು ನಿಜ, ಆದರೆ ಮನೆ ಬಾಡಿಗೆ ಅಷ್ಟು ದಿನ ಕಾಯಲಿಲ್ಲ.

ನಂಬಿಕೆ: ನಿಶ್ಚಿತ ಠೇವಣಿ ಮುರಿದರೆ ಬಡ್ಡಿಯೆಲ್ಲ ಹೋಗುತ್ತದೆ.

ವಾಸ್ತವ: ಕೌಂಟರಿನಲ್ಲಿ ಅತಿ ಹೆಚ್ಚು ಬಾರಿ ಕೇಳಿದ ತಪ್ಪು ಮಾತು ಇದೇ. ಅವಧಿಗೆ ಮುನ್ನ ಠೇವಣಿ ಮುರಿದರೆ, ಹಣ ಎಷ್ಟು ದಿನ ಇತ್ತೋ ಅಷ್ಟು ದಿನಕ್ಕೆ ಅನ್ವಯಿಸುವ ದರದಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಶೇಕಡಾ ಕಳೆದು ಬಡ್ಡಿ ಕೊಡುತ್ತಾರೆ. ಶೇ. 7ರಂತೆ ಇಟ್ಟ ಒಂದು ಲಕ್ಷವನ್ನು ಆರು ತಿಂಗಳಿಗೆ ತೆಗೆದಾಗ ಶೇ. 5ರ ದರ ಸಿಕ್ಕಿತೆಂದುಕೊಂಡರೂ, 3,500ರ ಬದಲು 2,500 ರೂಪಾಯಿ ಬರುತ್ತದೆ. ಆ ಒಂದು ಸಾವಿರ ಉಳಿಸಲೆಂದು ಠೇವಣಿ ಮುಟ್ಟದೆ, ಮೇಲೆ ಹೇಳಿದಂಥ ಕಾರ್ಡಿನ ಬಡ್ಡಿ ಕಟ್ಟಿದವರನ್ನು ನಾನೇ ನೋಡಿದ್ದೇನೆ. ಇಡೀ ಮೊತ್ತಕ್ಕೆ ಒಂದೇ ಬಾಂಡ್ ಮಾಡಿಸುವ ಬದಲು 25,000ದಂತೆ ನಾಲ್ಕು ಮಾಡಿಸಿದರೆ, ಬೇಕಾದಷ್ಟನ್ನೇ ಮುರಿಯಬಹುದು.

ಇಲ್ಲೊಂದು ಸೂಕ್ಷ್ಮವನ್ನು ಹೇಳಲೇಬೇಕು. ಒಂದು ದಿನ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಗಂಡನ ಪಾಸ್‌ಬುಕ್ ಮುಂದಿಟ್ಟರು. ಖಾತೆಯಲ್ಲಿ 1,40,000 ರೂಪಾಯಿ ಇತ್ತು, ಗಂಡ ಐಸಿಯುನಲ್ಲಿದ್ದರು, ಖಾತೆ ಅವರೊಬ್ಬರ ಹೆಸರಿನಲ್ಲಿತ್ತು. ಆಸ್ಪತ್ರೆಯ ಪತ್ರ ತರಿಸಿ, ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿಸಿ ಹಣ ಕೊಡುವಷ್ಟರಲ್ಲಿ ಎರಡು ದಿನ ಕಳೆಯಿತು. ನಾಮಿನಿ ಹೆಸರಿದ್ದರೆ ಸಾಕಲ್ಲವೇ ಎಂದು ಅವರು ಕೇಳಿದ್ದರು. ನಾಮಿನಿಯ ಪಾತ್ರ ಖಾತೆದಾರ ತೀರಿಹೋದ ಮೇಲಷ್ಟೇ ಬರುತ್ತದೆ ಎಂದು ಆ ಹೊತ್ತಿನಲ್ಲಿ ಅವರಿಗೆ ಹೇಗೆ ಹೇಳುವುದು? ಆಪದ್ಧನದ ಉಳಿತಾಯ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ, ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಾದ ‘ಐದರ್ ಆರ್ ಸರ್ವೈವರ್’ ಸೂಚನೆಯೊಂದಿಗೂ ಇರಬೇಕು. ಜಂಟಿ ಠೇವಣಿಯನ್ನು ಅವಧಿಗೆ ಮುನ್ನ ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯನ್ನೂ ಕೇಳುವುದರಿಂದ, ಕನಿಷ್ಠ ಒಂದು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲೇ ಇರಲಿ.

ನಂಬಿಕೆ: ಚೀಟಿ ಇದೆ, ಬಂಗಾರ ಇದೆ, ಹೆದರಿಕೆಯಿಲ್ಲ.

ವಾಸ್ತವ: ಚೀಟಿಯ ಹರಾಜು ತಿಂಗಳಿಗೊಮ್ಮೆ ಗೊತ್ತಾದ ದಿನ ನಡೆಯುತ್ತದೆ, ಕಾಯಿಲೆ ಆ ದಿನ ನೋಡಿಕೊಂಡು ಬರುವುದಿಲ್ಲ. ತುರ್ತಿದ್ದವನು ಹೆಚ್ಚು ಬಿಟ್ಟುಕೊಟ್ಟು ಚೀಟಿ ಎತ್ತಬೇಕಾಗುತ್ತದೆ, ಒಮ್ಮೆ ಎತ್ತಿದ ಮೇಲೆ ಆ ದಾರಿ ಮುಚ್ಚಿತು. ಬಂಗಾರ ಅಡವಿಟ್ಟರೆ ಸಾಲ ಬೇಗ ಸಿಗುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ, ಅದನ್ನು ಎರಡನೆಯ ಸಾಲಿನ ರಕ್ಷಣೆಯಾಗಿ ಇಟ್ಟುಕೊಳ್ಳಿ. (ಯಾರ ಕೊರಳಿನ ಸರ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ, ಅದರ ಉತ್ತರ ಬ್ಯಾಂಕಿನವರ ಬಳಿ ಇಲ್ಲ.)

ನಂಬಿಕೆ: ಆರೋಗ್ಯ ವಿಮೆ ಇದ್ದರೆ ಆಪದ್ಧನ ಬೇಡ.

ವಾಸ್ತವ: ವಿಮೆ ಆಸ್ಪತ್ರೆಯ ಬಿಲ್ಲನ್ನು ನೋಡಿಕೊಳ್ಳುತ್ತದೆ, ನಿಂತುಹೋದ ಸಂಬಳವನ್ನಲ್ಲ. ಹೊಸ ಪಾಲಿಸಿಗಳಲ್ಲಿ ಅಪಘಾತ ಹೊರತುಪಡಿಸಿ ಮೊದಲ 30 ದಿನ ರಕ್ಷಣೆ ಇರುವುದಿಲ್ಲ. ಜತೆಯಲ್ಲಿದ್ದವರ ಊಟ, ಓಡಾಟ, ಪಾಲಿಸಿ ಒಪ್ಪದ ಸಾಮಗ್ರಿಗಳ ಬಿಲ್ಲು ಜೇಬಿನಿಂದಲೇ ಹೋಗುತ್ತವೆ.

ನಂಬಿಕೆ: ಸಹಕಾರ ಸಂಘವೂ ಬ್ಯಾಂಕೇ, ಅಲ್ಲಿ ಬಡ್ಡಿ ಹೆಚ್ಚು.

ವಾಸ್ತವ: ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಪ್ರತಿ ಠೇವಣಿದಾರನಿಗೆ ಪ್ರತಿ ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ, 2020ರ ಫೆಬ್ರುವರಿಗೆ ಮುನ್ನ ಈ ಮಿತಿ 1 ಲಕ್ಷವಿತ್ತು. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಫಲಕದಲ್ಲಿ ‘ಬ್ಯಾಂಕ್’ ಎಂದಿದೆಯೋ ‘ಸಂಘ’ ಎಂದಿದೆಯೋ ಓದಿಕೊಂಡು ಒಳಗೆ ಹೋಗಿ.

ತೀರ್ಪು: ಶನಿವಾರ ರಾತ್ರಿ ಹನ್ನೊಂದಕ್ಕೆ ಕೈಗೆ ಬಾರದ ಹಣ ಎಷ್ಟೇ ಬಡ್ಡಿ ತರಲಿ, ಅದು ಆಪದ್ಧನವಲ್ಲ.